40 ಲಕ್ಷ, 240 ತಿಂಗಳು: ನಿವೃತ್ತ ಅಪ್ಪ ತಿಂಗಳಿಗೆ ಎಷ್ಟು ತೆಗೆಯಬಹುದು?

ನಿವೃತ್ತಿ ಹಣ ಕೈಗೆ ಬಂದ ಮೇಲೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, ಇದನ್ನು ಎಲ್ಲಿ ಇಡೋದು ಅನ್ನೋದು. ತಿಂಗಳಿಗೆ ಎಷ್ಟು ತೆಗೆದರೆ ಇದು ಎಷ್ಟು ವರ್ಷ ಬರುತ್ತದೆ ಅನ್ನುವ ಎರಡನೇ ಪ್ರಶ್ನೆಯನ್ನು ಬಹಳ ಮನೆಗಳಲ್ಲಿ ಯಾರೂ ಕೇಳುವುದೇ ಇಲ್ಲ. ಆದರೆ ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತವೆ ಅನ್ನೋದನ್ನು ಹೆಚ್ಚಾಗಿ ತೀರ್ಮಾನ ಮಾಡೋದು ಈ ಎರಡನೆಯದೇ.

ನಮ್ಮ ಅಪ್ಪ ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇದ್ದವರು. 60ಕ್ಕೆ ನಿವೃತ್ತಿಯಾದರು. ಪಿಎಫ್, ಗ್ರಾಚ್ಯುಟಿ, ಮೊದಲಿನ ಉಳಿತಾಯ ಎಲ್ಲ ಸೇರಿ 45 ಲಕ್ಷ. ಸರ್ಕಾರಿ ನೌಕರರಿಗೆ ಬರುವಂಥ ಪಿಂಚಣಿ ಇಲ್ಲ. ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿ ಮೂರು ಸಾವಿರದ ಚಿಲ್ಲರೆ, ಅದಕ್ಕೆ ತುಟ್ಟಿಭತ್ಯೆ ಇಲ್ಲ. ಬಾಗಲಕೋಟೆಯ ನವನಗರದಲ್ಲಿ ಸ್ವಂತ ಮನೆ ಇದೆ. ನಾನು ಬೆಳಗಾವಿಯಲ್ಲಿ ಬ್ಯಾಂಕಿನ ಲೆಕ್ಕಪತ್ರ ನೋಡುವ ಕೆಲಸ ಮಾಡ್ತೀನಿ, ಹಾಗಾಗಿ ಈ ಲೆಕ್ಕ ನನ್ನ ಪಾಲಿಗೆ ಬಂತು.

ಮೊದಲು 5 ಲಕ್ಷ ಬದಿಗೆ ತೆಗೆದೆವು. ಅದು ಆಸ್ಪತ್ರೆಗೆ. ಬೇರೆ ಎಫ್‌ಡಿ, ಬೇರೆ ರಸೀದಿ. ತಿಂಗಳ ಖರ್ಚಿನ ಲೆಕ್ಕದಲ್ಲಿ ಅದು ಬರೋದೇ ಇಲ್ಲ. ಇಪಿಎಸ್ ಪಿಂಚಣಿಯನ್ನೂ ಲೆಕ್ಕದ ಹೊರಗೇ ಇಟ್ಟೆವು. ಬೆಲೆ ಏರಿದಂತೆ ಅದು ಏರಲ್ಲ, ಅದನ್ನು ನಂಬಿ ಇಪ್ಪತ್ತು ವರ್ಷದ ಲೆಕ್ಕ ಹಾಕೋಕಾಗಲ್ಲ. ಉಳಿದದ್ದು 40 ಲಕ್ಷ. ಪ್ರಶ್ನೆ ಇಷ್ಟೇ: 60ರಿಂದ 80ರವರೆಗೆ, ಅಂದರೆ 240 ತಿಂಗಳು, ಈ 40 ಲಕ್ಷ ತಿಂಗಳಿಗೆ ಎಷ್ಟು ಕೊಡುತ್ತದೆ?

ಅಪ್ಪನ ಉತ್ತರ ಮೊದಲೇ ಸಿದ್ಧ ಇತ್ತು. "ಬಡ್ಡಿ ಅಷ್ಟ ತಿನ್ನೋದವ್ವಾ. ಅಸಲ ಮುಟ್ಟಬಾರ್ದು."

ನಮ್ಮ ಕಡೆ ಈ ಮಾತು ಹೇಳದ ಹಿರಿಯರೇ ಇಲ್ಲ ಅನ್ನಬಹುದು. ಸಾಲ ಮಾಡಿ ಕಷ್ಟಪಟ್ಟವರ ಮಾತು ಅದು, ಅದರ ಹಿಂದಿನ ಶಿಸ್ತು ದೊಡ್ಡದು. ಹಾಗಾಗಿ ಅದನ್ನೇ ಮೊದಲು ಲೆಕ್ಕ ಹಾಕಿ ನೋಡಿದೆವು. ವರ್ಷಕ್ಕೆ 7% ಬಡ್ಡಿ ಅಂದರೆ 40 ಲಕ್ಷಕ್ಕೆ 2,80,000. ತಿಂಗಳಿಗೆ 23,333. ಇಪ್ಪತ್ತು ವರ್ಷ ಇದೇ ಬರುತ್ತದೆ, ಕೊನೆಗೆ 40 ಲಕ್ಷ ಹಾಗೇ ಇರುತ್ತದೆ. ಕೇಳೋಕೆ ಚೆಂದ.

ಆಮೇಲೆ ಅಪ್ಪನ ಹಳೇ ಡೈರಿ ತೆಗೆಸಿದೆ. ಅವರು ಮನೆ ಖರ್ಚು ಬರೆದಿಡುವ ಮನುಷ್ಯ. ಇಪ್ಪತ್ತು ವರ್ಷದ ಹಿಂದೆ ತಿಂಗಳ ಕಿರಾಣಿ ಚೀಟಿ ಸಾವಿರದ ಚಿಲ್ಲರೆ. ಈಗ ಹೆಚ್ಚು ಕಡಿಮೆ ಅದೇ ಚೀಟಿ, ಅದೇ ಜೋಳ, ಬೇಳೆ, ಎಣ್ಣೆ, ಚಹಾಪುಡಿ, ನಾಲ್ಕು ಸಾವಿರದ ಹತ್ತಿರ. ಸುಮ್ನೆ ಆ ಎರಡು ಪುಟ ಅಕ್ಕಪಕ್ಕ ಇಟ್ಟೆ. ಬೆಲೆ ಏರಿಕೆ ಅಂದರೆ ಏನು ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ಮುಂದಿನ ಇಪ್ಪತ್ತು ವರ್ಷ ಬೆಲೆ ಎಷ್ಟು ಏರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿಗೆ ಕೊಟ್ಟಿರುವ ಗುರಿ 4%, ಅದರ ಮೇಲೆ ಕೆಳಗೆ 2% ವಿನಾಯಿತಿ. ಅಂದರೆ ಮೇಲಿನ ಅಂಚು 6%. ವಯಸ್ಸಾದವರ ಖರ್ಚಿನಲ್ಲಿ ಔಷಧ, ಡಾಕ್ಟರು, ಮನೆಗೆಲಸದವರ ಪಗಾರ ಜಾಸ್ತಿ ಇರುತ್ತದೆ, ಅಲ್ವಾ? ಅದಕ್ಕೇ ನಾನು 6% ಹಿಡಿದೆ. ಲೆಕ್ಕದಲ್ಲಿ ಸ್ವಲ್ಪ ಬಿಗಿ ಇರಲಿ, ಬದುಕಿನಲ್ಲಿ ಸಡಿಲ ಸಿಗುತ್ತದೆ.

6% ಏರಿದರೆ ಇಪ್ಪತ್ತು ವರ್ಷದಲ್ಲಿ ಬೆಲೆ 3.2 ಪಟ್ಟು ಆಗುತ್ತದೆ. ಇವತ್ತು 100 ರೂಪಾಯಿಗೆ ಬರುವ ಸಾಮಾನಿಗೆ ಆಗ 320. ಅಂದರೆ ಇಪ್ಪತ್ತನೇ ವರ್ಷ ಕೈಗೆ ಬರುವ 23,333ಕ್ಕೆ ಇವತ್ತಿನ 7,300 ರೂಪಾಯಿಯಷ್ಟೇ ಬೆಲೆ. ಕೊನೆಗೆ ಉಳಿದ 40 ಲಕ್ಷಕ್ಕೂ ಇವತ್ತಿನ ಲೆಕ್ಕದಲ್ಲಿ ಹನ್ನೆರಡೂವರೆ ಲಕ್ಷದ ಬೆಲೆ. ಅಸಲು ಮುಟ್ಟಲಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಅದು ಪಾಸ್‌ಬುಕ್ಕಿನ ಅಂಕಿಯಲ್ಲಿ ಮಾತ್ರ ಹಾಗೇ ಇರುತ್ತದೆ. ಬಡ್ಡಿ ಪೂರ್ತಿ ತಿನ್ನೋದು ಅಂದರೆ ಅಸಲಿನ ಶಕ್ತಿಯನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತಿಂದಂತೆ.

ಎರಡನೇ ಉತ್ತರ ಅಪ್ಪನ ಗೆಳೆಯರೊಬ್ಬರಿಂದ ಬಂತು. ಅವರ ಮಗ ಫೋನಿನಲ್ಲಿ ಲೆಕ್ಕ ಹಾಕಿ 31,000 ಅಂದಿದ್ದ. ಅದು ತಪ್ಪು ಲೆಕ್ಕ ಅಲ್ಲ. ಗೃಹಸಾಲದ ಕಂತಿನ ಲೆಕ್ಕವೇ ಅದು, ತಿರುಗಿಸಿ ಹಾಕಿದ್ದು. ಸಾಲದಲ್ಲಿ ಬ್ಯಾಂಕು ನಮಗೆ 40 ಲಕ್ಷ ಕೊಟ್ಟು ಇಪ್ಪತ್ತು ವರ್ಷ ಕಂತು ಕಟ್ಟಿಸಿಕೊಳ್ಳುತ್ತದೆ. ಇಲ್ಲಿ ನಾವು 40 ಲಕ್ಷ ಇಟ್ಟು ಇಪ್ಪತ್ತು ವರ್ಷ ಕಂತು ತೆಗೆದುಕೊಳ್ಳುತ್ತೇವೆ. ಎಕ್ಸೆಲ್‌ನಲ್ಲಿ ಹೀಗೆ ಬರೆದರೆ ಸಿಗುತ್ತದೆ:

```
=PMT(0.07/12, 240, -4000000)
```

ಉತ್ತರ 31,012. ಪ್ರತಿ ತಿಂಗಳ ಕಂತಿನಲ್ಲಿ ಸ್ವಲ್ಪ ಬಡ್ಡಿ, ಸ್ವಲ್ಪ ಅಸಲು. 240ನೇ ತಿಂಗಳಿಗೆ ಖಾತೆ ಸೊನ್ನೆ. ಬಡ್ಡಿ ಮಾತ್ರ ತಿನ್ನುವ 23,333ಕ್ಕಿಂತ ಇದು ಏಳೂವರೆ ಸಾವಿರ ಜಾಸ್ತಿ, ಯಾಕಂದರೆ ಅಸಲನ್ನೂ ಖರ್ಚು ಮಾಡ್ತಾ ಹೋಗ್ತೀವಿ.

ತೊಂದರೆ ಇರೋದು ಒಂದೇ ಕಡೆ. ಈ ಲೆಕ್ಕದಲ್ಲಿ ಮೊದಲ ತಿಂಗಳೂ 31,012, ಕೊನೇ ತಿಂಗಳೂ 31,012. ಮನೆ ಖರ್ಚು ಹಾಗೆ ನಿಲ್ಲಲ್ಲ. ಮೊದಲ ವರ್ಷ ತಿಂಗಳಿಗೆ 31,000 ಖರ್ಚಿಗೆ ಒಗ್ಗಿಹೋದ ಮನೆ, ಮರುವರ್ಷ ಅದೇ ರೀತಿ ಬದುಕೋಕೆ 32,860 ತೆಗೆಯುತ್ತದೆ. ಅದರ ಮರುವರ್ಷ ಸುಮಾರು 34,800. ಹೀಗೆ ಬೆಲೆಯ ಜೊತೆ ತೆಗೆಯುವ ಹಣವೂ ಏರಿದರೆ 40 ಲಕ್ಷ 12ನೇ ವರ್ಷ ಮುಗಿಯುವ ಮುಂಚೆಯೇ ಖಾಲಿ. ಆಗ ಅಪ್ಪನಿಗೆ 71-72. ತಿಂಗಳಿಗೆ 25,000ದಿಂದ ಶುರು ಮಾಡಿದರೂ 14-15 ವರ್ಷಕ್ಕೆ ಮುಗಿಯುತ್ತದೆ.

"ಹಂಗಾರ ಎಷ್ಟ ತಗೀಬೇಕು? ಹೇಳಿಬಿಡು" ಅಂದರು ಅಪ್ಪ.

40 ಲಕ್ಷವನ್ನು 240ರಿಂದ ಭಾಗಿಸಿ ಅಂದೆ. 16,667.

"ಬಡ್ಡಿನ ಹಿಡೀಲಿಲ್ಲಲ್ಲ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಈ ಲೇಖನ ಬರೆಯೋಕೆ ಕಾರಣವೂ ಅದೇ.

ಬಡ್ಡಿಯನ್ನು ನಾವು ಬಿಟ್ಟಿಲ್ಲ. ಅದಕ್ಕೆ ಬೇರೆ ಕೆಲಸ ಕೊಟ್ಟಿದ್ದೇವೆ, ಬೆಲೆ ಏರಿಕೆಯನ್ನು ತುಂಬಿಕೊಡುವ ಕೆಲಸ. ಒಂದು ಕ್ಷಣ ಬಡ್ಡಿಯೂ 6%, ಬೆಲೆ ಏರಿಕೆಯೂ 6% ಅಂದುಕೊಳ್ಳೋಣ. ಈ ವರ್ಷ ಬಳಸದೆ ಇಟ್ಟ 100 ರೂಪಾಯಿ ಬರುವ ವರ್ಷ 106 ಆಗುತ್ತದೆ. ಈ ವರ್ಷ 100 ಇದ್ದ ಸಾಮಾನೂ ಬರುವ ವರ್ಷ 106. ಅಂದರೆ ಆ ದುಡ್ಡಿಗೆ ಅಷ್ಟೇ ಸಾಮಾನು ಬರುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾಮಾನಿನ ಲೆಕ್ಕದಲ್ಲಿ ನೋಡಿದರೆ ಬಡ್ಡಿಯೂ ಇಲ್ಲ, ಬೆಲೆ ಏರಿಕೆಯೂ ಇಲ್ಲ ಅನ್ನೋ ಹಾಗೆ. ಆಗ ಉಳಿಯುವುದು ಬರೀ ಭಾಗಾಕಾರ: ಇರುವುದನ್ನು 240 ಪಾಲು ಮಾಡಿ, ತಿಂಗಳಿಗೊಂದು ಪಾಲು ತೆಗೆಯೋದು. ಮೊದಲ ತಿಂಗಳ ಪಾಲು 16,667. ಕೊನೇ ವರ್ಷದ ಪಾಲು ರೂಪಾಯಿಯಲ್ಲಿ ಸುಮಾರು 50,000, ಆದರೆ ಸಾಮಾನಿನಲ್ಲಿ ಇವತ್ತಿನ 16,667ರಷ್ಟೇ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗೇದಾಗಿನ ಜ್ವಾಳ ಅಳದಂಗ" ಅಂದರು. ಅವರು ಸಣ್ಣವರಿದ್ದಾಗ ಊರಲ್ಲಿ ಜೋಳವನ್ನು ಹಗೇವಿನಲ್ಲಿ ಹಾಕಿಟ್ಟು, ಮುಂದಿನ ಸುಗ್ಗಿ ಎಷ್ಟು ತಿಂಗಳು ದೂರ ಅಂತ ನೋಡಿ ಅಳೆದು ತೆಗೆಯುತ್ತಿದ್ದರಂತೆ. ಅದೇ ಲೆಕ್ಕ ಇದು.

ಸುರಕ್ಷಿತ ಜಾಗದಲ್ಲಿ ಇಟ್ಟ ಹಣಕ್ಕೆ ಬರುವ ಬಡ್ಡಿ, ದೀರ್ಘಕಾಲದಲ್ಲಿ ಬೆಲೆ ಏರಿಕೆಗಿಂತ ತುಂಬಾ ಮುಂದೆ ಹೋಗುತ್ತದೆ ಅಂತ ನಂಬಿಕೊಂಡು ಯೋಜನೆ ಹಾಕೋದು ಅಪಾಯ. ಒಂದು ಪರ್ಸೆಂಟ್ ಮುಂದಿದ್ದರೆ, ಅಂದರೆ ಬಡ್ಡಿ 7%, ಬೆಲೆ 6% ಆದರೆ, ಮೊದಲ ವರ್ಷ 18,200ರವರೆಗೆ ತೆಗೆಯಬಹುದು. ಅರ್ಧ ಪರ್ಸೆಂಟ್ ಹಿಂದೆ ಬಿದ್ದರೆ 15,900. ನೋಡಿ, ಆ ಕಡೆ ಈ ಕಡೆ ಹೋದರೂ 240ರ ಉತ್ತರದಿಂದ ತೀರಾ ದೂರ ಹೋಗಲಿಲ್ಲ. ಅದಕ್ಕೇ ಈ ಭಾಗಾಕಾರ ನನಗೆ ಇಷ್ಟ. ಬಡ್ಡಿ ದರದ ಬಗ್ಗೆ ಯಾರ ಭವಿಷ್ಯವನ್ನೂ ನಂಬಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಮರುವರ್ಷ ಎಷ್ಟು ಏರಿಸಬೇಕು? ಇಲ್ಲಿ ಜನ ಬೆಲೆ ಏರಿಕೆಯ ಅಂಕಿ ಹುಡುಕಿಕೊಂಡು ಹೋಗುತ್ತಾರೆ. ಬೇಕಾಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಅದೇ ಭಾಗಾಕಾರವನ್ನು ಹೊಸದಾಗಿ ಮಾಡಿದರೆ ಸಾಕು. ಆವತ್ತು ಉಳಿದಿರುವ ಹಣ, ಆವತ್ತು ಉಳಿದಿರುವ ತಿಂಗಳು. ಭಾಗಿಸಿ.

ಅಪ್ಪನ ಹೆಸರಿನಲ್ಲೇ ಮಾಡಿ ನೋಡೋಣ, ಬಡ್ಡಿ 7% ಅಂತ ಹಿಡಿದು. ಮೊದಲ ಏಪ್ರಿಲ್: 40 ಲಕ್ಷ ಭಾಗ 240, ತಿಂಗಳಿಗೆ 16,667. ಇಡೀ ವರ್ಷದ 2 ಲಕ್ಷವನ್ನು ಆವತ್ತೇ ಪಕ್ಕಕ್ಕೆ ತೆಗೆದು ಉಳಿತಾಯ ಖಾತೆಗೆ ಹಾಕಿದರು ಅನ್ನಿ. ಉಳಿದ 38 ಲಕ್ಷ 7% ಬೆಳೆದು ವರ್ಷದ ಕೊನೆಗೆ 40,66,000 ಆಯಿತು. ಎರಡನೇ ಏಪ್ರಿಲ್: ಉಳಿದ ತಿಂಗಳು 228. 40,66,000 ಭಾಗ 228, ಅಂದರೆ 17,833. ಮೂರನೇ ಏಪ್ರಿಲ್: ಖಾತೆಯಲ್ಲಿ 41,21,640, ಉಳಿದ ತಿಂಗಳು 216. ಉತ್ತರ 19,082.

16,667, 17,833, 19,082. ಪ್ರತಿ ವರ್ಷ ಸರಿಯಾಗಿ 7% ಏರಿದೆ. ಇದು ಈ ಭಾಗಾಕಾರದ ಗುಣ. ಹಣ ಎಷ್ಟು ಪರ್ಸೆಂಟ್ ಬೆಳೆಯುತ್ತದೋ, ತಿಂಗಳ ಪಾಲೂ ಅಷ್ಟೇ ಪರ್ಸೆಂಟ್ ಏರುತ್ತದೆ. ಬಡ್ಡಿ 5%ಗೆ ಇಳಿದರೆ ಪಾಲೂ 5% ಮಾತ್ರ ಏರುತ್ತದೆ. ಯಾವ ವರ್ಷ ಎಷ್ಟೇ ಬಡ್ಡಿ ಬರಲಿ, 240 ತಿಂಗಳಿಗೆ ಮೊದಲು ಹಣ ಖಾಲಿಯಾಗೋಕೆ ದಾರಿಯೇ ಇಲ್ಲ, ಯಾಕಂದರೆ ಇರೋದನ್ನೇ ಉಳಿದ ತಿಂಗಳಿಗೆ ಹಂಚುತ್ತಿದ್ದೇವೆ. ಆದರೆ ಪಾಲು ಇಷ್ಟೇ ಇರುತ್ತದೆ ಅಂತ ಇದು ಮಾತು ಕೊಡಲ್ಲ. ಬಡ್ಡಿ ಬೆಲೆಗಿಂತ ಹಿಂದೆ ಬಿದ್ದ ವರ್ಷ ಮನೆ ಖರ್ಚು ಸ್ವಲ್ಪ ಬಿಗಿಯಾಗುತ್ತದೆ. ಬಿಗಿಯಾಗೋದು ಏಪ್ರಿಲ್‌ನಲ್ಲೇ ಗೊತ್ತಾಗುತ್ತದೆ, 75ನೇ ವಯಸ್ಸಿನಲ್ಲಿ ಒಮ್ಮೆಲೇ ಅಲ್ಲ.

ಈ ದಾರಿಯಲ್ಲಿ ದೊಡ್ಡ ಅಪಾಯ ನಷ್ಟದಿಂದ ಬರಲ್ಲ, ಪಾಸ್‌ಬುಕ್ ನೋಡಿದಾಗ ಆಗುವ ಸಮಾಧಾನದಿಂದ ಬರುತ್ತದೆ. 7% ಬಡ್ಡಿಯ ಲೆಕ್ಕವನ್ನೇ ಮುಂದುವರಿಸಿದರೆ ಐದು ವರ್ಷ ತೆಗೆದ ಮೇಲೆ ಖಾತೆಯಲ್ಲಿ 42 ಲಕ್ಷ ಇರುತ್ತದೆ. ಒಂಬತ್ತು ವರ್ಷ ಆದ ಮೇಲೂ 40 ಲಕ್ಷದ ಮೇಲೆಯೇ ಇರುತ್ತದೆ. ಒಂಬತ್ತು ವರ್ಷ ಉಂಡರೂ ಒಂದು ರೂಪಾಯಿ ಕಡಿಮೆ ಆಗಿಲ್ಲ ಅನ್ನಿಸುತ್ತದೆ. ಇಂಥ ಹೊತ್ತಲ್ಲೇ ಮನೆ ಮಂದಿ, ಬೀಗರು, ತಮ್ಮನ ಮಕ್ಕಳು ಬರೋದು. ಪ್ಲಾಟಿಗೆ ಹತ್ತು ಲಕ್ಷ ಕಡಿಮೆ ಬಿದ್ದಿದೆ, ಎರಡು ವರ್ಷದಲ್ಲಿ ಕೊಡ್ತೀವಿ, ನಿಮ್ಮ ದುಡ್ಡು ಹೇಗಿದ್ದರೂ ಹಾಗೇ ಇದೆಯಲ್ಲ ಅಂತ.

ಹಾಗೇ ಇಲ್ಲ. ಒಂಬತ್ತು ವರ್ಷದ ನಂತರದ ಆ 40 ಲಕ್ಷ ಇವತ್ತಿನ 24 ಲಕ್ಷಕ್ಕೆ ಸಮ. ಅದು ಇನ್ನೂ ಹನ್ನೊಂದು ವರ್ಷ ತಿಂಗಳಿಗೆ 30,600ರಿಂದ ಶುರುವಾಗುವ ಖರ್ಚನ್ನು ಹೊರಬೇಕು. ನಂತರದ ಇಳಿಕೆ ಜೋರು: ಹದಿನೈದನೇ ವರ್ಷದ ಕೊನೆಗೆ 27 ಲಕ್ಷ 59 ಸಾವಿರ, ಹದಿನೆಂಟರ ಕೊನೆಗೆ ಹದಿಮೂರೂವರೆ ಲಕ್ಷ. ಯೋಜನೆ ಸರಿಯಾಗಿಯೇ ನಡೆದಿದೆ ಅಂದರೂ ಕೊನೇ ಐದು ವರ್ಷ ಅಂಕಿ ದಡದಡ ಇಳಿಯುತ್ತದೆ. ಇದನ್ನು ಈಗಲೇ ಹೇಳಿಡದಿದ್ದರೆ, ಆಗ 75 ದಾಟಿದ ಮನುಷ್ಯ ಹೆದರಿ ಔಷಧದಲ್ಲೂ ಉಳಿಸೋಕೆ ಶುರು ಮಾಡ್ತಾರೆ. ಅದಕ್ಕೇ ನಾನು ಅಪ್ಪನ ಡೈರಿಯ ಹಿಂದಿನ ಪುಟದಲ್ಲಿ ಇಪ್ಪತ್ತು ವರ್ಷದ ಅಂದಾಜು ಶಿಲ್ಕನ್ನು ಸಾಲಾಗಿ ಬರೆದುಕೊಟ್ಟೆ. ಎಷ್ಟು ಇರಬೇಕು, ಎಷ್ಟು ಇದೆ ಅಂತ ಪಕ್ಕಪಕ್ಕ ನೋಡೋಕೆ.

ಇನ್ನು ಹಣ ಎಲ್ಲಿ ಇರಬೇಕು. 60 ದಾಟಿದವರಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಇದರ ಬಡ್ಡಿ 8.2% ಆಯಿತು, 2025ರಲ್ಲೂ ಅಷ್ಟೇ ಇತ್ತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಶೀಲಿಸುತ್ತದೆ, ಆದರೆ ನಾವು ಇಟ್ಟ ದಿನದ ದರ ಐದು ವರ್ಷ ಬದಲಾಗಲ್ಲ. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಅಪ್ಪ 30 ಲಕ್ಷ ಇಲ್ಲಿ ಇಟ್ಟರು, ಉಳಿದ 10 ಲಕ್ಷವನ್ನು ಬೇರೆ ಬೇರೆ ಅವಧಿಯ ಎಫ್‌ಡಿ ಮಾಡಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಇಲ್ಲೇ ಎಡವುತ್ತಾರೆ. 30 ಲಕ್ಷಕ್ಕೆ 8.2% ಅಂದರೆ ಮೂರು ತಿಂಗಳಿಗೆ 61,500. ತಿಂಗಳ ಲೆಕ್ಕದಲ್ಲಿ 20,500. ಆದರೆ ಮೊದಲ ವರ್ಷ ಅಪ್ಪನ ಪಾಲು 16,667 ಮಾತ್ರ. ಅಂದರೆ ಬಡ್ಡಿಯೇ ಪಾಲಿಗಿಂತ ತಿಂಗಳಿಗೆ 3,833 ಜಾಸ್ತಿ ಬರುತ್ತದೆ, ಮೂರು ತಿಂಗಳಿಗೆ 11,500. ಖಾತೆಗೆ ಬಂದದ್ದೆಲ್ಲ ಖರ್ಚಿನ ದುಡ್ಡು ಅಂದುಕೊಂಡರೆ ಲೆಕ್ಕ ಅಲ್ಲೇ ಮುರಿಯಿತು. ಆ 11,500 ಮುಂದಿನ ವರ್ಷಗಳ ಬೆಲೆ ಏರಿಕೆಗೆ ಸೇರಿದ್ದು. ಅಪ್ಪ ಬ್ಯಾಂಕಿಗೆ ಒಂದು ಸೂಚನೆ ಬರೆದುಕೊಟ್ಟಿದ್ದಾರೆ: ಬಡ್ಡಿ ಬಂದ ಮರುದಿನ ಆ ಮೊತ್ತ ತಾನಾಗಿ ಬೇರೆ ಠೇವಣಿಗೆ ಹೋಗುತ್ತದೆ. ಕಣ್ಣೆದುರು ಇದ್ದರೆ ಖರ್ಚಾಗುತ್ತದೆ, ಅದು ಎಲ್ಲರಿಗೂ ಗೊತ್ತಿರೋದೇ.

8.2% ಬರುತ್ತಿರುವಾಗ ನಾನು ಲೆಕ್ಕದಲ್ಲಿ 7% ಯಾಕೆ ಹಿಡಿದೆ ಅಂತಲೂ ಅಪ್ಪ ಕೇಳಿದರು. ಆ ದರ ಐದು ವರ್ಷಕ್ಕೆ ಮಾತ್ರ. ಐದು ವರ್ಷ ಆದ ಮೇಲೆ ಖಾತೆ ಮುಂದುವರಿಸಿದರೆ ಅವತ್ತಿನ ದರ ಸಿಗುತ್ತದೆ, ಅದು ಎಷ್ಟೋ ಗೊತ್ತಿಲ್ಲ. ಎಫ್‌ಡಿಗಳಿಗೆ ಈಗಲೇ ಅದಕ್ಕಿಂತ ಕಡಿಮೆ. ಇಪ್ಪತ್ತು ವರ್ಷದ ಲೆಕ್ಕವನ್ನು ಮೊದಲ ಐದು ವರ್ಷದ ದರದ ಮೇಲೆ ಕಟ್ಟಬಾರದು. ಹೆಚ್ಚು ಬಂದರೆ ಏಪ್ರಿಲ್ ಭಾಗಾಕಾರ ಅದನ್ನು ತಾನಾಗಿ ಪಾಲಿಗೆ ಸೇರಿಸುತ್ತದೆ.

ಮ್ಯೂಚುವಲ್ ಫಂಡ್ ಏಜೆಂಟರೊಬ್ಬರು ಬಂದು 12% ಲೆಕ್ಕ ತೋರಿಸಿ, ಇಪ್ಪತ್ತು ವರ್ಷ ತಿಂಗಳಿಗೆ 44,000 ಅಂದರು. ಅಂಕಗಣಿತ ಸರಿ ಇದೆ, 12% ಪ್ರತಿ ವರ್ಷ ತಪ್ಪದೆ ಬಂದರೆ. ಶೇರು ಪೇಟೆ ಸರಾಸರಿಯಲ್ಲಿ ಕೊಡಬಹುದು, ಸಾಲಾಗಿ ಕೊಡಲ್ಲ. 2008ರ ಒಂದೇ ವರ್ಷದಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಜಾಸ್ತಿ ಬಿತ್ತು. ದುಡಿಯುವವನಿಗೆ ಅಂಥ ವರ್ಷ ಬಂದರೆ ಕಾಯುತ್ತಾನೆ. ತಿಂಗಳಿಗೆ 44,000 ತೆಗೆಯುತ್ತಿರುವವರಿಗೆ ಮೊದಲ ವರ್ಷವೇ ಹಾಗಾದರೆ 40 ಲಕ್ಷ ವರ್ಷದ ಕೊನೆಗೆ ಹದಿನಾರು ಹದಿನೇಳು ಲಕ್ಷಕ್ಕೆ ಇಳಿಯುತ್ತದೆ. ಆಮೇಲೆ ಪ್ರತಿ ವರ್ಷ 12% ಬಂದರೂ ಅದೇ 44,000 ತೆಗೆಯುತ್ತಾ ಹೋದರೆ ನಾಲ್ಕು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಬಿದ್ದ ಬೆಲೆಗೇ ಮಾರಿ ಮಾರಿ ಖರ್ಚು ಮಾಡಿದ ಹಣ ಪೇಟೆ ಏರಿದಾಗ ವಾಪಸ್ ಬರಲ್ಲ. ಶೇರು ಬೇಡವೇ ಬೇಡ ಅಂತ ನಾನು ಹೇಳಲ್ಲ. ತಿಂಗಳ ಅಕ್ಕಿ ಬೇಳೆಗೆ ಬೇಕಾದ ಹಣ ಅಲ್ಲಿ ಇರಬಾರದು, ಅಷ್ಟೇ.

ತೆರಿಗೆ ವಿಷಯ ಈ ಮೊತ್ತಕ್ಕೆ ಸಣ್ಣದು. ಅಪ್ಪನ ಒಟ್ಟು ಬಡ್ಡಿ ಮತ್ತು ಪಿಂಚಣಿ ವರ್ಷಕ್ಕೆ ನಾಲ್ಕು ಲಕ್ಷದ ಆಸುಪಾಸು, ಹೊಸ ಪದ್ಧತಿಯಲ್ಲಿ ತೆರಿಗೆ ಬರಲ್ಲ. ಆದರೆ ಹಿರಿಯರಿಗೆ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ ಬಡ್ಡಿ 1 ಲಕ್ಷ ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ, ಹಾಗಾಗಿ ವರ್ಷದ ಶುರುವಿನಲ್ಲೇ ತೆರಿಗೆ ಇಲ್ಲ ಅನ್ನುವ ಘೋಷಣೆ ಬರೆದುಕೊಡಬೇಕು. ಏಪ್ರಿಲ್ ಭಾಗಾಕಾರದ ದಿನವೇ ಇದನ್ನೂ ಮುಗಿಸಿಬಿಡೋದು ಒಳ್ಳೇದು.

ಆಸ್ಪತ್ರೆ ಖರ್ಚು ಬದಿಗಿಟ್ಟ 5 ಲಕ್ಷವನ್ನೂ ಮೀರಿದರೆ? ಆಗ ಮುಖ್ಯ ಹಣಕ್ಕೇ ಕೈ ಹಾಕಬೇಕಾಗುತ್ತದೆ. ಮೂರನೇ ಏಪ್ರಿಲ್‌ಗೆ ಸರಿಯಾಗಿ ಇನ್ನೂ 5 ಲಕ್ಷ ಹೋಯಿತು ಅನ್ನಿ. 41,21,640 ಇದ್ದದ್ದು 36,21,640 ಆಗುತ್ತದೆ. 216 ತಿಂಗಳಿಗೆ ಭಾಗಿಸಿದರೆ 16,767. ಮೊದಲು 19,082 ಬರಬೇಕಿತ್ತು. ತಿಂಗಳಿಗೆ 2,315 ಕಡಿಮೆ. ಈ ಅಂಕಿ ಕೈಯಲ್ಲಿ ಇದ್ದರೆ ಮಕ್ಕಳ ಜೊತೆ ಮಾತಾಡೋದು ಸುಲಭ. "ಅಪ್ಪನ ಆಪರೇಷನ್‌ಗೆ 5 ಲಕ್ಷ ಹೋಯಿತು" ಅಂದರೆ ಎಲ್ಲರೂ ತಲೆ ತಗ್ಗಿಸಿ ಕೂರುತ್ತಾರೆ. "ತಿಂಗಳಿಗೆ 2,315 ಕಡಿಮೆ ಬೀಳ್ತದೆ" ಅಂದರೆ ನಾನು, ನನ್ನ ತಮ್ಮ ಹಂಚಿಕೊಳ್ಳಬಹುದು. ಬೀಗರಿಗೆ ಕೊಡುವ ಕೈಗಡಕ್ಕೂ ಇದೇ ಲೆಕ್ಕ. ಮೂರನೇ ವರ್ಷ ಕೊಟ್ಟು ವಾಪಸ್ ಬರದ 5 ಲಕ್ಷ ಅಂದರೆ ಉಳಿದ ಹದಿನೆಂಟು ವರ್ಷವೂ ಪ್ರತಿ ತಿಂಗಳ ಪಾಲಿನಲ್ಲಿ ನೂರಕ್ಕೆ ಹನ್ನೆರಡು ರೂಪಾಯಿ ಬಿಟ್ಟುಕೊಟ್ಟಂತೆ.

ಅವ್ವ ಅಷ್ಟು ಹೊತ್ತು ಕೇಳುತ್ತಾ ಕೂತಿದ್ದವಳು ಕೊನೆಗೆ ಒಂದು ಪ್ರಶ್ನೆ ಕೇಳಿದಳು. "ಅವರಿಗೆ ಎಂಬತ್ತ ಆದಾಗ ನನಗ ಎಪ್ಪತ್ತೈದು. ಆಮ್ಯಾಲ?"

ಇಪ್ಪತ್ತು ವರ್ಷ ಅನ್ನುವ ಅಂಕಿಯ ದೊಡ್ಡ ಕೊರತೆ ಇದೇ. ಲೆಕ್ಕ ಹಾಕೋವಾಗ ಇಬ್ಬರಲ್ಲಿ ಚಿಕ್ಕವರ ವಯಸ್ಸು ನೋಡಬೇಕು. ಅವ್ವನಿಗೂ 80ರವರೆಗೆ ಅಂದರೆ 25 ವರ್ಷ, 300 ತಿಂಗಳು. 40 ಲಕ್ಷ ಭಾಗ 300, ಅಂದರೆ 13,333. ಅಪ್ಪ ಬರೆದಿಟ್ಟ ಮನೆ ಖರ್ಚು ಹತ್ತೊಂಬತ್ತು ಸಾವಿರದ ಹತ್ತಿರ. 16,667ಕ್ಕೆ ಇಪಿಎಸ್ ಪಿಂಚಣಿ ಸೇರಿಸಿದರೆ ಅದು ಸರಿಹೋಗುತ್ತದೆ, 13,333ಕ್ಕೆ ಸೇರಿಸಿದರೆ ಹೋಗಲ್ಲ.

ಹಾಗಾಗಿ 240ನ್ನೇ ಇಟ್ಟುಕೊಂಡು, ಆ ಐದು ವರ್ಷಕ್ಕೆ ಬೇರೆ ಎರಡು ಆಧಾರ ಬರೆದುಕೊಂಡೆವು. ಮೊದಲನೆಯದು ಆಸ್ಪತ್ರೆಯ 5 ಲಕ್ಷ. ಅದನ್ನು ಮುಟ್ಟುವ ಪ್ರಸಂಗ ಬರದೆ ಇಪ್ಪತ್ತು ವರ್ಷ 7% ಬೆಳೆದರೆ 19 ಲಕ್ಷದ ಮೇಲೆ ಆಗುತ್ತದೆ, ಇವತ್ತಿನ ಬೆಲೆಯಲ್ಲಿ 6 ಲಕ್ಷ. ತಿಂಗಳಿಗೆ ಇವತ್ತಿನ 16,667ರ ಲೆಕ್ಕದಲ್ಲಿ ಮೂರು ವರ್ಷಕ್ಕೆ ಸಾಕು. ಎರಡನೆಯದು ನವನಗರದ ಮನೆ: ಮೇಲಿನ ಮಹಡಿ ಕಟ್ಟಿ ಬಾಡಿಗೆಗೆ ಕೊಡೋದೋ, ಬೇಕಾದರೆ ಮಾರೋದೋ, ಆಗಿನ ಮಾತು. ಅಪ್ಪ ಅದಕ್ಕೆ ಒಂದು ಷರತ್ತು ಹಾಕಿದರು. ಮನೆ ಅವ್ವನ ಹೆಸರಿಗೆ ಆಗಬೇಕು, ಠೇವಣಿಗಳಿಗೆಲ್ಲ ಅವಳೇ ನಾಮಿನಿ ಆಗಬೇಕು, ಮತ್ತು ಬರುವ ಏಪ್ರಿಲ್‌ನ ಭಾಗಾಕಾರವನ್ನು ಅವಳ ಕೈಯಲ್ಲೇ ಮಾಡಿಸಬೇಕು.